ಮರೆವಿನ ಕಾಯಿಲೆ ಇರೋ ಅತ್ತೆ ಬೆರಳು ಕೊಡಲ್ಲ, ಇನ್ಸುಲಿನ್‌ಗೆ ಮುಂಚೆ ಶುಗರ್ ನೋಡೋದು ಹೇಗೆ?

ಶಿಡ್ಲಘಟ್ಟದ ಸೊಸೆ
ಅತ್ತೆಗೆ 76 ವರ್ಷ, ತೂಕ 48 ಕೆಜಿ. ಶುಗರ್ ಹಳೇದು, ಮರೆವಿನ ಕಾಯಿಲೆ ಆಮೇಲೆ ಬಂದಿದ್ದು. ಬೆಳಗ್ಗೆ, ರಾತ್ರಿ ಇನ್ಸುಲಿನ್ ಹಾಕ್ತೀವಿ. ಮಿಷನ್ ಕಂಡ ಕೂಡಲೇ ಕೈ ಸೆರಗೊಳಗೆ ಮುಚ್ಕೋತಾರೆ. "ಆಗ್ಲೇ ಚುಚ್ಚಿದ್ಯಲ್ಲ" ಅಂತಾರೆ, ಚುಚ್ಚಿರಲ್ಲ. ಬಲವಂತ ಮಾಡಿದ್ರೆ ಹೊಡಿಯೋಕೆ ಬರ್ತಾರೆ. ರೇಷ್ಮೆ ನೂಲು ಬಿಚ್ಚಿದ ಕೈ, ಬೆರಳ ತುದಿ ಗಟ್ಟಿ, ಒಂದೇ ಸಲಕ್ಕೆ ರಕ್ತ ಬರಲ್ಲ. ಗೊತ್ತಿರೋರು ಹೇಳಿ.

ಮಾಲೂರು ಮಂಜಣ್ಣ
ರಾತ್ರಿ ಒಂದು ಚಮಚ ಮೆಂತ್ಯ ನೆನೆಸಿ ಬೆಳಗ್ಗೆ ಆ ನೀರು ಕೊಡಿ ತಾಯಿ. ಅನ್ನ ಬಿಡಿಸಿ, ಎರಡು ಹೊತ್ತೂ ಮುದ್ದೆ ಹಾಕಿ. ಶುಗರ್ ತಾನೇ ಇಳಿಯುತ್ತೆ.

ಗುಬ್ಬಿ ಸಿಸ್ಟರ್
ಮಂಜಣ್ಣ, ಅವರು ಕೇಳಿದ್ದು ಶುಗರ್ ಇಳಿಸೋದು ಹೇಗೆ ಅಂತ ಅಲ್ಲ, ನೋಡೋದು ಹೇಗೆ ಅಂತ. ಇನ್ಸುಲಿನ್ ಹಾಕಿಸಿಕೊಳ್ಳೋ ವಯಸ್ಸಾದವರಲ್ಲಿ ಶುಗರ್ ಏರೋದಕ್ಕಿಂತ ದಿಢೀರ್ ಅಂತ ಇಳಿಯೋದೇ ದೊಡ್ಡ ಭಯ. ಮುದ್ದೆಯಲ್ಲೂ ಪಿಷ್ಟ ಇದೆ, ಅಳತೆ ಮೀರಿದ್ರೆ ಅದೂ ಏರಿಸುತ್ತೆ.

ಶಿಡ್ಲಘಟ್ಟದೋರೇ, ಮೊದಲು ನಾಲ್ಕು ವಿಷಯ ಬರೀರಿ: ಯಾವ ಇನ್ಸುಲಿನ್, ಎಷ್ಟು ಯೂನಿಟ್, ಜೊತೆಗೆ ಯಾವ ಮಾತ್ರೆ, ಇತ್ತೀಚೆಗೆ ಬಂದಿರೋ ನಂಬರ್‌ಗಳು ಯಾವ ಹೊತ್ತಿನವು. ಎಷ್ಟು ಸಲ ಚುಚ್ಚಬೇಕು ಅನ್ನೋದು ಔಷಧಿ ನೋಡಿ ತೀರ್ಮಾನ ಆಗೋದು. ಬೇಡದ ಚುಚ್ಚು ಕಡಿಮೆ ಮಾಡಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಶಿಡ್ಲಘಟ್ಟದ ಸೊಸೆ
30/70 ಮಿಕ್ಸ್ ಇನ್ಸುಲಿನ್, ಬೆಳಗ್ಗೆ 18, ರಾತ್ರಿ 10. ಮೆಟ್‌ಫಾರ್ಮಿನ್ 500, ಅದೇ ಮಾತ್ರೆಯಲ್ಲಿ ವೋಗ್ಲಿಬೋಸ್ ಸೇರಿದೆ. ಕಳೆದ ವಾರ ಖಾಲಿ ಹೊಟ್ಟೇಲಿ 118, 86, 71, 94, ಒಂದು ದಿನ ಕೈ ಕೊಡಲಿಲ್ಲ, ಆಮೇಲೆ 68. ರಾತ್ರಿ ಊಟಕ್ಕೆ ಮುಂಚೆ 214, 188, 231. ಮಧ್ಯಾಹ್ನ ಊಟಕ್ಕೆ ಮುಂಚೆ, ಊಟ ಆಗಿ ಎರಡು ಗಂಟೆ ಬಿಟ್ಟು ಕೂಡ ನೋಡ್ತಿದ್ವಿ. ಒಟ್ಟು ನಾಲ್ಕು ಸಲ. ರಾತ್ರಿ 231 ಬಂತು ಅಂತ ನಮ್ಮೆಜಮಾನ್ರು ಎರಡು ಯೂನಿಟ್ ಜಾಸ್ತಿ ಮಾಡೋಣ ಅಂತಿದಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮನೆಯೆಲ್ಲ ಓಡಾಡ್ತಾರೆ, ಕುಪ್ಪಸ ಒದ್ದೆ ಆಗಿರುತ್ತೆ. ಕಾಯಿಲೆ ಮುಂದುವರಿದಿದೆ ಅಂದ್ಕೊಂಡಿದ್ವಿ.

ಗುಬ್ಬಿ ಸಿಸ್ಟರ್
ಎಜಮಾನ್ರಿಗೆ ಜಾಸ್ತಿ ಮಾಡಬೇಡಿ ಅನ್ನಿ. ನಿಮ್ಮ ಪಟ್ಟಿಯಲ್ಲಿ ಯೋಚನೆ ಮಾಡಬೇಕಾದ ನಂಬರ್ 231 ಅಲ್ಲ, ಬೆಳಗಿನ 71 ಮತ್ತು 68. 70ಕ್ಕಿಂತ ಕೆಳಗೆ ಹೋದ್ರೆ ಶುಗರ್ ಲೋ. ಮನೆ ಮಿಷನ್ 100ರ ಕೆಳಗೆ 15 ಅಂಕ ಆಚೆ ಈಚೆ ತೋರಿಸಬಹುದು, ಅಷ್ಟಕ್ಕೆ ಮಾನದಂಡದಲ್ಲೇ ಅವಕಾಶ ಇದೆ. ಅಂದ್ರೆ 68 ಅಂತ ತೋರಿಸಿದಾಗ ನಿಜವಾಗಿ 53 ಇದ್ದಿರಲೂಬಹುದು.

ರಾತ್ರಿ ಊಟದ ಹೊತ್ತಿಗೆ ಹಾಕೋ ಮಿಕ್ಸ್ ಇನ್ಸುಲಿನ್‌ನಲ್ಲಿ ನಿಧಾನದ ಭಾಗ ನಡುರಾತ್ರಿಯಿಂದ ಬೆಳಗಿನ ಜಾವದವರೆಗೂ ಕೆಲಸ ಮಾಡುತ್ತೆ. ನಾಲ್ಕು ಗಂಟೆ ಓಡಾಟ, ಬೆವರು ಮರೆವಿನದ್ದೇ ಇರಬಹುದು, ಲೋ ಶುಗರ್‌ದೂ ಇರಬಹುದು. ನಮಗಾದ್ರೆ "ಕೈ ನಡುಗ್ತಿದೆ, ಹಸಿವು" ಅಂತ ಹೇಳೋಕೆ ಬರುತ್ತೆ. ಇವರಿಗೆ ಬರಲ್ಲ. ಸಿಡುಕು, ಇದ್ದಕ್ಕಿದ್ದ ಹಾಗೆ ಮಂಕು, ಊಟ ಬೇಡ ಅನ್ನೋದು, ಬೆವರು, ಇಷ್ಟೇ ಹೊರಗೆ ಕಾಣೋದು. ದಿನಾ ಇರೋ ಸ್ವಭಾವ ದಿಢೀರ್ ಅಂತ ಬದಲಾದ್ರೆ ಮೊದಲು ಬೆರಳು ನೋಡಿ, ಆಮೇಲೆ ಕಾಯಿಲೆಯನ್ನ ಬೈಕೊಳ್ಳಿ.

ಇಂಥ ಸ್ಥಿತಿಯ ಹಿರಿಯರಿಗೆ ಡಾಕ್ಟ್ರು ಸಾಮಾನ್ಯವಾಗಿ ಗುರಿಯನ್ನೇ ಸಡಿಲ ಮಾಡ್ತಾರೆ. ಖಾಲಿ ಹೊಟ್ಟೇಲಿ 90ರಿಂದ 150, ಮಲಗೋ ಮುಂಚೆ 100ರಿಂದ 180. ಆರೋಗ್ಯ ಇನ್ನೂ ಹದಗೆಟ್ಟಿದ್ರೆ ಅದಕ್ಕಿಂತ ಮೇಲೆ. ಚಿಕ್ಕ ವಯಸ್ಸಿನವರ ಗುರಿ ಇಟ್ಕೊಂಡು 118 ಬಂದ್ರೆ ಖುಷಿ, 160 ಬಂದ್ರೆ ಗಾಬರಿ ಆಗೋದು ಬೇಡ.

ನಾಲ್ಕು ಚುಚ್ಚಲ್ಲಿ ನಿಮ್ಮ ಕೆಲಸಕ್ಕೆ ಬರೋದು ಎರಡೇ: ಬೆಳಗಿನ ಇನ್ಸುಲಿನ್‌ಗೆ ಮುಂಚೆ, ರಾತ್ರಿಯದಕ್ಕೆ ಮುಂಚೆ. ಊಟ ಆದ್ಮೇಲಿಂದು 240 ಅಂತ ಬಂದ್ರೆ ಮನೇಲಿ ನೀವೇನು ಮಾಡ್ತೀರ? ಏನೂ ಇಲ್ಲ. ಹಾಗಿದ್ರೆ ಆ ಚುಚ್ಚು ಯಾಕೆ? ಡಾಕ್ಟ್ರನ್ನ ಕೇಳಿ ಅದನ್ನ ಬಿಡಿ. ಡಾಕ್ಟ್ರ ಹತ್ರ ಹೋಗೋ ಮುಂಚಿನ ಎರಡು ಮೂರು ದಿನ ಬೇಕಿದ್ರೆ ಅವರೇ ಹೇಳ್ತಾರೆ.

ತುಮಕೂರು ಲ್ಯಾಬ್
ಆ 231 ಬಂದ ದಿನ ಅತ್ತೆ ಕೈ ತೊಳೆದಿದ್ರಾ? ಸಂಜೆ ಏನು ತಿಂದಿದ್ರು?

ಶಿಡ್ಲಘಟ್ಟದ ಸೊಸೆ
ಶ್ರೀನಿವಾಸಪುರದಿಂದ ಮಾವಿನಹಣ್ಣು ಬಂದಿತ್ತು. ಒಂದು ಹೋಳು ಕೊಟ್ಟಿದ್ದೆ. ಕೈ ಒದ್ದೆ ಬಟ್ಟೇಲಿ ಒರೆಸಿದ್ದೆ ಅಷ್ಟೇ.

ತುಮಕೂರು ಲ್ಯಾಬ್
ಅಲ್ಲೇ ಇದೆ. ಸ್ಟ್ರಿಪ್ ಎಳೆದುಕೊಳ್ಳೋ ರಕ್ತ ಒಂದು ಮೈಕ್ರೋಲೀಟರ್‌ಗಿಂತಲೂ ಕಡಿಮೆ. ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಹಣ್ಣಿನ ರಸ ಇದ್ರೂ ಆ ಹನಿಯಲ್ಲಿ ಸೇರಿ ನಂಬರ್ ಏರಿಸುತ್ತೆ. ಒರೆಸಿದ್ರೆ ಹೋಗಲ್ಲ, ಸೋಪು ಹಾಕಿ ನೀರಲ್ಲಿ ತೊಳೀಬೇಕು, ಒಣ ಟವೆಲ್‌ನಲ್ಲಿ ಪೂರ್ತಿ ಒರೆಸಬೇಕು. ನೀರು ಉಳಿದ್ರೆ ರಕ್ತ ತೆಳುವಾಗಿ ನಂಬರ್ ಕೆಟ್ಟುಹೋಗುತ್ತೆ. ಇವತ್ತೇ ಪರೀಕ್ಷೆ ಮಾಡಿ: ನಂಬರ್ ನಂಬೋ ಹಾಗಿಲ್ಲ ಅನ್ನಿಸಿದ್ರೆ ಕೈ ತೊಳೆಸಿ ಬೇರೆ ಬೆರಳಲ್ಲಿ ಇನ್ನೊಂದು ಸಲ ನೋಡಿ. ಆ 231ಕ್ಕೆ ಎರಡು ಯೂನಿಟ್ ಏರಿಸಿದ್ರೆ ನೀವು ಮಾವಿನಹಣ್ಣಿಗೆ ಇನ್ಸುಲಿನ್ ಕೊಟ್ಟ ಹಾಗೆ ಆಗ್ತಿತ್ತು.

ಚಿಂತಾಮಣಿ ಅಣ್ಣ
ಇಷ್ಟೆಲ್ಲ ಯಾಕೆ, ಸ್ಪಿರಿಟ್ ಹತ್ತಿ ಉಜ್ಜಿ ಚುಚ್ಚಿದ್ರೆ ಆಯ್ತು. ಮೊದಲ ಹನಿ ಒರೆಸಿ ಎರಡನೇದು ತಗೊಳ್ಳಿ. ರಕ್ತ ಬರದಿದ್ರೆ ಬೆರಳ ತುದಿ ಚೆನ್ನಾಗಿ ಹಿಂಡಿ. ಅಷ್ಟೂ ಆಗದಿದ್ರೆ ಮುಂಗೈ ಮೇಲೆ ಚುಚ್ಚಿ, ನೋವೇ ಆಗಲ್ಲ.

ತುಮಕೂರು ಲ್ಯಾಬ್
ಅಣ್ಣ, ನೀವು ಹೇಳಿದ್ದರಲ್ಲಿ ಎರಡನೇ ಹನಿ ವಿಷಯ ಸರಿ, ಆದ್ರೆ ಅದು ಕೈ ತೊಳೆಯೋಕೆ ಆಗದಾಗ ಮಾತ್ರ. ತೊಳೆದ ಕೈಯಾದ್ರೆ ಮೊದಲ ಹನಿಯೇ ಸಾಕು. ಇಂಥವರ ಹತ್ರ ಎರಡನೇ ಹನಿವರೆಗೂ ಬೆರಳು ಹಿಡಿದಿಟ್ಕೊಳ್ಳೋದೇ ಕಷ್ಟ. ಸ್ಪಿರಿಟ್ ಆರೋಕೆ ಮುಂಚೆ ಚುಚ್ಚಿದ್ರೆ ಉರಿಯುತ್ತೆ, ಹನಿಯೂ ಕೆಡುತ್ತೆ. ಆ ಉರಿಗೇ ನಾಳೆ ಕೈ ಕೊಡಲ್ಲ.

ಹಿಂಡೋದು ತಪ್ಪು. ತುದಿಯನ್ನ ಗಟ್ಟಿಯಾಗಿ ಹಿಂಡಿದ್ರೆ ರಕ್ತದ ಜೊತೆ ಚರ್ಮದ ಕೆಳಗಿನ ದ್ರವ ಬೆರೆತು ನಂಬರ್ ಸರಿ ಬರಲ್ಲ. ಕೈಯನ್ನ ಅರ್ಧ ನಿಮಿಷ ಕೆಳಗೆ ಇಳಿಬಿಡಿಸಿ, ಅಂಗೈಯಿಂದ ಬೆರಳ ಕಡೆಗೆ ನಿಧಾನ ನೀವಿ. ಮುಂಗೈಗೆ ರಕ್ತದ ಬದಲಾವಣೆ ತಡವಾಗಿ ಮುಟ್ಟುತ್ತೆ. ಶುಗರ್ ಇಳೀತಿದೆ ಅನ್ನೋ ಅನುಮಾನ ಇದ್ದಾಗ ಅಲ್ಲಿ ನೋಡಲೇಬಾರದು, ಅದು ಹಳೇ ನಂಬರ್ ತೋರಿಸಿ ನಿಮ್ಮನ್ನ ಸುಮ್ಮನಾಗಿಸುತ್ತೆ.

ನೂಲು ಬಿಚ್ಚಿದ ಬೆರಳಿಗೆ: ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿ. ಅಲ್ಲಿ ಚರ್ಮ ತೆಳು, ನೋವೂ ಕಡಿಮೆ. ಉಂಗುರ ಬೆರಳು, ನಡುಬೆರಳು ಒಳ್ಳೇದು. ಬೆರಳು ಚುಚ್ಚೋ ಪೆನ್‌ನಲ್ಲಿ ಆಳದ ಅಂಕಿ ಸಾಮಾನ್ಯವಾಗಿ 1ರಿಂದ 5ರವರೆಗೆ ಇರುತ್ತೆ. ಸಾಮಾನ್ಯ ಕೈಗೆ 2 ಸಾಕು, ಇವರಿಗೆ 3ರಿಂದ ಶುರು ಮಾಡಿ, ಸಾಲದಿದ್ರೆ 4. ಕಡಿಮೆ ಆಳದಲ್ಲಿ ಎರಡು ಸಲ ಚುಚ್ಚೋದಕ್ಕಿಂತ ಸರಿ ಆಳದಲ್ಲಿ ಒಂದೇ ಸಲ ಚುಚ್ಚೋದು ಕಡಿಮೆ ಹಿಂಸೆ. ಸೂಜಿ ಪ್ರತಿ ಸಲ ಹೊಸದು. ಹಳೇ ಸೂಜಿ ಮೊಂಡಾಗಿ ಹೆಚ್ಚು ನೋಯುತ್ತೆ.

ಬಂಗಾರಪೇಟೆ ಮಗಳು
ಅಕ್ಕ, ಒಂದು ವಿಷಯ ಕೇಳ್ಲಾ? ಅತ್ತೆಯ ತವರು ತೆಲುಗು ಮನೆಯಾ? ನಮ್ಮ ಕಡೆ ಬಹಳ ಮನೆಗಳಲ್ಲಿ ಹಾಗೇ. ಮರೆವು ಹೆಚ್ಚಾದಾಗ ಎಷ್ಟೋ ಸಲ ಆಮೇಲೆ ಕಲಿತ ಭಾಷೆ ಮೊದಲು ಸೋರಿ ಹೋಗುತ್ತೆ. ಕನ್ನಡದಲ್ಲಿ ಕೈ ಕೊಡಿ ಅಂದ್ರೆ ನೋಡ್ತಾ ಕೂರೋರು "ಚೆಯ್ಯಿ ಇವ್ವಮ್ಮಾ" ಅಂದ್ರೆ ಕೈ ಚಾಚ್ತಾರೆ.

ಶಿಡ್ಲಘಟ್ಟದ ಸೊಸೆ
ಹೌದು, ತವರು ಬಾಗೇಪಲ್ಲಿ ಕಡೆ. ನಾವು ಕನ್ನಡದಲ್ಲೇ ಮಾತಾಡ್ತೀವಿ. ಇದು ಹೊಳೆದಿರಲಿಲ್ಲ.

ಗುಬ್ಬಿ ಸಿಸ್ಟರ್
ಒಳ್ಳೇ ಮಾತು. ಈಗ ಕೈ ಪಡೆಯೋ ಕ್ರಮ ಹೇಳ್ತೀನಿ. ಚುಚ್ಚೋದನ್ನ ಬೇರೆ ಕೆಲಸ ಮಾಡಬೇಡಿ, ಊಟಕ್ಕೆ ಕೈ ತೊಳೆಯೋದರ ಬಾಲ ಮಾಡಿ.

ಅವರು ಬರೋಕೆ ಮುಂಚೆ, ಕಣ್ಣಿಗೆ ಬೀಳದ ಹಾಗೆ ಪೆನ್‌ಗೆ ಸೂಜಿ ಹಾಕಿ ಎಳೆದಿಟ್ಟಿರಿ. ಹತ್ತಿ ಪಕ್ಕದಲ್ಲಿರಲಿ. ತಟ್ಟೆ ಎದುರಿಗೆ ಇಡಿ. ಬೆಚ್ಚಗಿನ ನೀರು, ಸೋಪು ಹಾಕಿ ಕೈ ತೊಳೆಸಿ. ಬೆಚ್ಚಗಾದ ಕೈಯಲ್ಲಿ ರಕ್ತ ಬೇಗ ಬರುತ್ತೆ, ಅದೂ ಲಾಭ. ಟವೆಲ್‌ನಲ್ಲಿ ಒರೆಸ್ತಾ ಒರೆಸ್ತಾ ಆ ಕೈಯನ್ನ ನಿಮ್ಮ ಕೈಯಲ್ಲೇ ಉಳಿಸಿಕೊಳ್ಳಿ. ಎದುರಿಗೆ ನಿಲ್ಲಬೇಡಿ, ಪಕ್ಕದಲ್ಲಿ ಅವರಷ್ಟೇ ಎತ್ತರಕ್ಕೆ ಕೂತ್ಕೊಳ್ಳಿ. ಎದುರಿಂದ ಮೇಲೆ ಬಾಗಿದ್ರೆ ಯಾರೋ ಕಿತ್ಕೊಳ್ಳೋಕೆ ಬಂದಂಗೆ ಅವರಿಗೆ ಕಾಣುತ್ತೆ.

ಕೈ ಒರೆಸೋ ಹೊತ್ತಿಗೆ ಸ್ಟ್ರಿಪ್ ಮಿಷನ್‌ಗೆ ಹಾಕಿ, ಮುಂಚೆನೇ ಹಾಕಿಟ್ರೆ ಎರಡು ಮೂರು ನಿಮಿಷಕ್ಕೆ ಆಫ್ ಆಗುತ್ತೆ. ಆಫ್ ಆದ್ರೆ ರಕ್ತ ಮುಟ್ಟದ ಸ್ಟ್ರಿಪ್ ತೆಗೆದು ಮತ್ತೆ ಹಾಕಿ. ಬೆರಳ ಕೊನೇ ಗಂಟಿನ ಕೆಳಗೆ ಹಿಡಿದುಕೊಳ್ಳಿ. ಒಂದೇ ಮಾತು ಹೇಳಿ, ದಿನಾ ಅದೇ ಮಾತು. ಶುಗರ್, ಇನ್ಸುಲಿನ್, ಡಾಕ್ಟ್ರು ಅಂತ ವಿವರಿಸೋಕೆ ಹೋಗಬೇಡಿ. ವಿವರಣೆ ಮುಗಿಯೋಷ್ಟರಲ್ಲಿ ಮೊದಲ ಅರ್ಧ ಮರೆತುಹೋಗಿರುತ್ತೆ, ಭಯ ಮಾತ್ರ ಉಳಿದಿರುತ್ತೆ. ಚುಚ್ಚಿದ ಮೇಲೆ ಅವರ ಬೆರಳನ್ನ ಮಿಷನ್ ಹತ್ರ ಎಳೀಬೇಡಿ, ಮಿಷನ್ನೇ ಬೆರಳ ಹತ್ರ ತಗೊಂಡು ಹೋಗಿ. ಸ್ಟ್ರಿಪ್‌ನ ಅಂಚು ಹನಿಗೆ ತಾಗಿದ್ರೆ ಸಾಕು, ಅದೇ ಎಳ್ಕೊಳ್ಳುತ್ತೆ. ಮೇಲೆ ಸವರಿದ್ರೆ ಎರರ್ ಬರುತ್ತೆ.

ಕೈ ಎಳ್ಕೊಂಡ್ರೆ ಬಿಟ್ಟುಬಿಡಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಸಾಧ್ಯವಾದ್ರೆ ಬೇರೆಯವರು ಹೋಗಿ ಮೊದಲಿಂದ ಶುರು ಮಾಡಿ. ಇಬ್ಬರು ಹಿಡ್ಕೊಂಡು ಚುಚ್ಚಬೇಡಿ. ಚುಚ್ಚಿದ್ದು ಮರೆತರೂ ಹಿಡ್ಕೊಂಡ ಭಯ ಮರೆಯಲ್ಲ, ಮಿಷನ್ ಕಂಡ್ರೆ ಮುಚ್ಕೊಳ್ಳೋದು ಅದಕ್ಕೇ ಇರಬಹುದು.

ಗೌರಿಬಿದನೂರು ಮಗ
ನಮ್ಮಪ್ಪಂಗೂ ಮರೆವು. ಬರೀ ಮೆಟ್‌ಫಾರ್ಮಿನ್. ದಿನಾ ಬೆಳಗ್ಗೆ ಚುಚ್ಚೋಕೆ ಯುದ್ಧ. ಇದೇ ರೀತಿ ಮಾಡ್ಲಾ?

ಗುಬ್ಬಿ ಸಿಸ್ಟರ್
ನಿಮ್ಮಪ್ಪನಿಗೆ ದಿನಾ ಚುಚ್ಚೋ ಅಗತ್ಯವೇ ಬಹುಶಃ ಇಲ್ಲ. ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ಲೋ ಆಗೋದು ಅಪರೂಪ. ಮೂರು ತಿಂಗಳಿಗೊಮ್ಮೆ ತೋಳಿನ ರಕ್ತದಿಂದ, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಮಾಡಿಸಿದ್ರೆ ಸಾಕಾ ಅಂತ ಡಾಕ್ಟ್ರನ್ನ ಕೇಳಿ. ಜ್ವರ, ವಾಂತಿ, ಊಟ ಬಿಟ್ಟಾಗ, ಪದೇ ಪದೇ ಮೂತ್ರಕ್ಕೆ ಹೋದಾಗ ಮಿಷನ್ ತೆಗೀರಿ. ಆದ್ರೆ ಮಾತ್ರೆ ಚೀಟಿ ಸರಿಯಾಗಿ ಓದಿ. ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಸೇರಿದ್ರೆ ಮಾತು ಬೇರೆ, ಅವು ಊಟ ತಪ್ಪಿದ ದಿನ ಇನ್ಸುಲಿನ್ ಹಾಗೇ ಕೆಡವುತ್ವೆ.

ಶಿಡ್ಲಘಟ್ಟದ ಸೊಸೆ
ಇನ್ನೊಂದು ತೊಂದರೆ. ಅತ್ತೆ "ಆಗ್ಲೇ ಆಯ್ತು" ಅಂತಾರೆ. ನಾನು ಹೊಲದ ಕಡೆ ಹೋದ ದಿನ ವಾರಗಿತ್ತಿ ನೋಡ್ಕೋತಾಳೆ. ಅವಳು ಹಾಕಿದ್ಲಾ ಇಲ್ವಾ ನಂಗೆ ಗೊತ್ತಾಗಲ್ಲ.

ತುಮಕೂರು ಲ್ಯಾಬ್
ಇದು ಬೆರಳು ಕೊಡದಿರೋದಕ್ಕಿಂತ ಅಪಾಯ. ಎರಡು ಸಲ ಇನ್ಸುಲಿನ್ ಬಿದ್ದು ಆಸ್ಪತ್ರೆ ಸೇರೋದು ಹೀಗೇ. ಅತ್ತೆ ಮಾತನ್ನಾಗಲಿ, ಮನೆಯವರ ನೆನಪನ್ನಾಗಲಿ ನಂಬಬೇಡಿ. ಗೋಡೆ ಕ್ಯಾಲೆಂಡರ್‌ಗೆ ಬರೆಯೋ ಪೆನ್ ಕಟ್ಟಿ ತೂಗುಹಾಕಿ, ಆ ದಿನದ ಚೌಕದಲ್ಲಿ ಬರೀರಿ: ನಂಬರ್, ಗಂಟೆ, ಹಾಕಿದ ಯೂನಿಟ್, ಹಾಕಿದವರ ಹೆಸರಿನ ಮೊದಲ ಅಕ್ಷರ. ಕಾಫಿ ಕುಡಿದ ಮೇಲೆ ನೋಡಿದ್ರೆ "ಕಾಫಿ" ಅಂತ ಬರೀರಿ, ಇಲ್ದಿದ್ರೆ ಅದು ಖಾಲಿ ಹೊಟ್ಟೆ ನಂಬರ್ ಅಂತ ಡಾಕ್ಟ್ರು ತಪ್ಪು ತಿಳ್ಕೋತಾರೆ. ಕೈ ಕೊಡದ ದಿನ "ಕೊಡಲಿಲ್ಲ" ಅಂತಲೇ ಬರೀರಿ, ಖಾಲಿ ಬಿಡಬೇಡಿ. ಇಂಜೆಕ್ಷನ್ ಕೊಟ್ಟ ಕೂಡಲೇ ಬರೀಬೇಕು, ಪಾತ್ರೆ ತೊಳೆದು ಬಂದಮೇಲೆ ಅಲ್ಲ. ಚೌಕ ಖಾಲಿ ಇದ್ದು ಅನುಮಾನ ಬಂದ್ರೆ ಇನ್ನೊಂದು ಡೋಸ್ ಹಾಕಬೇಡಿ, ಶುಗರ್ ನೋಡಿ ಡಾಕ್ಟ್ರಿಗೆ ಫೋನ್ ಮಾಡಿ.

ಮಿಷನ್ ನೆನಪೂ ಸಾಕ್ಷಿ ಹೇಳುತ್ತೆ, ಗಡಿಯಾರ ಸರಿ ಇದ್ರೆ ಮಾತ್ರ. ಕೆಲವು ಮಿಷನ್‌ಗಳಲ್ಲಿ ಬ್ಯಾಟರಿ ಬದಲಿಸಿದ ಮೇಲೆ ದಿನಾಂಕ, ಸಮಯ ಮತ್ತೆ ಹೊಂದಿಸಬೇಕು. ಇವತ್ತೇ ನೋಡಿ. ಸ್ಟ್ರಿಪ್ ಡಬ್ಬಿ ಮುಚ್ಚಳ ತಕ್ಷಣ ಹಾಕಿ, ಡಬ್ಬಿ ಬೀರುವಿನಲ್ಲಿ ಇಡಿ, ಒಲೆ ಹತ್ರ ಬೇಡ. ಹಿರಿಯರ ಕೈಗೆ ಸಿಕ್ರೆ ಸ್ಟ್ರಿಪ್ ಎಲ್ಲ ಎಲೆ ಅಡಿಕೆ ಚೀಲ ಸೇರುತ್ತೆ.

ಮಧುಗಿರಿ ಅಳಿಯ
ನಿದ್ದೆಯಲ್ಲಿ ಇರೋವಾಗ ಚುಚ್ಚಿಬಿಡಿ. ಏನೂ ಗೊತ್ತಾಗಲ್ಲ, ಜಗಳನೂ ಇಲ್ಲ.

ಗುಬ್ಬಿ ಸಿಸ್ಟರ್
ನನಗೆ ಒಪ್ಪಿಗೆ ಇಲ್ಲ. ಎಚ್ಚರ ಆದ್ರೆ ಕತ್ತಲಲ್ಲಿ ಯಾರೋ ಚುಚ್ತಿದಾರೆ ಅನ್ನೋ ಭಯ, ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆವರು ಕಂಡಾಗ, ಮಂಕಾದಾಗ ರಾತ್ರಿ ಎಬ್ಬಿಸಿ ನೋಡಿ, ಅದು ಬೇಕು.

ಮಧುಗಿರಿ ಅಳಿಯ
ಎಬ್ಬಿಸಿದ್ರೂ ಭಯ, ಎಬ್ಬಿಸದಿದ್ರೂ ಭಯ. ದಿನಾ ಹಗಲು ಜಗಳ ಆಡೋದಕ್ಕಿಂತ ನಿದ್ದೆಯಲ್ಲಿ ನೋಡೋದೇ ವಾಸಿ ಅಂತ ನಾನಂತೂ ಹೇಳ್ತೀನಿ. ಒಬ್ಬೊಬ್ಬರ ನಿದ್ದೆ ಒಂದೊಂದು ಥರ.

ಗುಬ್ಬಿ ಸಿಸ್ಟರ್
ಸರಿ, ಅದು ಅವರವರ ಮನೆಯವರು ನೋಡಿ ತೀರ್ಮಾನಿಸೋದು. ಈಗ ಮುಖ್ಯವಾದ್ದು. ಇನ್ಸುಲಿನ್ ಹೊತ್ತು ಬಂತು, ಬೆರಳು ಕೊಡಲಿಲ್ಲ. ಆಗ ಏನು? ಇದನ್ನ ಆ ಗಳಿಗೇಲಿ ಯೋಚಿಸೋ ಹಾಗಿಲ್ಲ, ಮುಂದಿನ ಸಲ ಡಾಕ್ಟ್ರ ಹತ್ರ ಚೀಟಿಯಲ್ಲಿ ಮೂರು ಉತ್ತರ ಬರೆಸಿಕೊಂಡು ಬನ್ನಿ. ಒಂದು, ಎಷ್ಟಕ್ಕಿಂತ ಕಡಿಮೆ ಇದ್ರೆ ಇನ್ಸುಲಿನ್ ಹಾಕದೆ ಫೋನ್ ಮಾಡಬೇಕು. ಎರಡು, ಶುಗರ್ ನೋಡೋಕೇ ಆಗದಿದ್ರೆ ಎಷ್ಟು ಹಾಕಬೇಕು, ಹಾಕಬೇಕಾ ಬೇಡವಾ. ಮೂರು, ಅರ್ಧ ಊಟ ಮಾಡಿ ಎದ್ದುಹೋದ್ರೆ ಏನು.

ಮೂರನೇದು ನಿಮ್ಮ ಮನೆಗೆ ಬಹಳ ಮುಖ್ಯ. ಸಾದಾ 30/70 ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ ಹಾಕೋದು. ಹಾಕಿದ ಮೇಲೆ ಅತ್ತೆ ಮುದ್ದೆ ಮುಟ್ಟದಿದ್ರೆ? ಅನಲಾಗ್ ಮಿಕ್ಸ್ ಅಂತ ಬರುತ್ತೆ, ಅದನ್ನ ತಟ್ಟೆ ಎದುರಿಗೆ ಬಂದಾಗ, ಬೇಕಿದ್ರೆ ಊಟ ಆದ ಕೂಡಲೇ ಹಾಕಬಹುದು. ಬೆಲೆ ಜಾಸ್ತಿ. ಅತ್ತೆಗೆ ಒಪ್ಪುತ್ತಾ ಅಂತ ಕೇಳಿ.

ಚಿಂತಾಮಣಿ ಅಣ್ಣ
ಲೋ ಆದ್ರೆ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿ. ಮಿಷನ್ ಹುಡುಕ್ತಾ ಕೂರಬೇಡಿ. ಇದಾದ್ರೂ ಸರಿ ತಾನೆ?

ಹೊಸಕೋಟೆ ರಸ್ತೆ ಮೆಡಿಕಲ್ಸ್
ಅರ್ಧ ಸರಿ ಅಣ್ಣ. ನೋಡೋಕೆ ಆಗದಿದ್ದು ಲಕ್ಷಣ ಇದ್ರೆ ಲೋ ಅಂತಲೇ ತಿಳ್ಕೊಂಡು ಸಿಹಿ ಕೊಡೋದು ಸರಿ. ಆದ್ರೆ ಇವರ ಮಾತ್ರೆಯಲ್ಲಿ ವೋಗ್ಲಿಬೋಸ್ ಇದೆ. ಅದು ಸಕ್ಕರೆಯನ್ನ ಕರುಳಲ್ಲಿ ಒಡೆಯೋಕೆ ಬಿಡಲ್ಲ, ಆದ್ದರಿಂದ ಸಕ್ಕರೆ, ಬೆಲ್ಲ ತಡವಾಗಿ ಕೆಲಸ ಮಾಡುತ್ತೆ. ಮೆಡಿಕಲ್‌ನಲ್ಲಿ ಸಿಗೋ ಗ್ಲೂಕೋಸ್ ಪುಡಿಯೇ ಬೇಕು. ಮಟ್ಟಸವಾಗಿ ಮೂರು ನಾಲ್ಕು ಟೀ ಚಮಚ, ಸುಮಾರು 15 ಗ್ರಾಂ, ಅರ್ಧ ಲೋಟ ನೀರಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಒಣ ಪುಡಿ ಬಾಯಿಗೆ ಹಾಕಬೇಡಿ, ನುಂಗೋಕೆ ಕಷ್ಟ ಇರೋರಿಗೆ ನೆತ್ತಿಗೆ ಹತ್ತುತ್ತೆ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70ರ ಕೆಳಗಿದ್ರೆ ಮತ್ತೆ ಅಷ್ಟೇ. ಸರಿ ಹೋದಮೇಲೆ ಇಡ್ಲಿನೋ ಅನ್ನನೋ ತಿನ್ನಿಸಿ.

ಎಚ್ಚರ ತಪ್ಪಿದ್ರೆ, ನುಂಗೋಕೆ ಬರದಿದ್ರೆ ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಬಂಗಾರಪೇಟೆ ಮಗಳು
ತೋಳಿಗೆ ಅಂಟಿಸೋ ಸೆನ್ಸರ್ ಹಾಕಿಸಿದ್ರೆ ಬೆರಳು ಚುಚ್ಚೋದೇ ಬೇಡ ಅಲ್ವಾ?

ತುಮಕೂರು ಲ್ಯಾಬ್
ಪೂರ್ತಿ ಬೇಡ ಅನ್ನೋಕಾಗಲ್ಲ. ತೋಳಿನ ಹಿಂಭಾಗಕ್ಕೆ ಹಾಕಿದ್ರೆ 14 ದಿನ ಬರುವಂಥವು ಇವೆ. ಅದು ಅಳೆಯೋದು ರಕ್ತ ಅಲ್ಲ, ಚರ್ಮದ ಕೆಳಗಿನ ದ್ರವ. ಆದ್ದರಿಂದ ಶುಗರ್ ವೇಗವಾಗಿ ಇಳಿಯೋವಾಗ ಹಿಂದೆ ಬೀಳುತ್ತೆ. ಸೆನ್ಸರ್ ನಂಬರ್‌ಗೂ ಮುಖಕ್ಕೂ ಹೊಂದದಿದ್ರೆ ಬೆರಳೇ ನೋಡಬೇಕು. ಆ ಕಡೆ ಮಗ್ಗುಲಾಗಿ ಮಲಗಿದ್ರೆ ಒತ್ತಡಕ್ಕೆ ಸುಳ್ಳು ಲೋ ತೋರಿಸುತ್ತೆ. ಅವರು ಹೆಚ್ಚು ಯಾವ ಮಗ್ಗುಲಿಗೆ ಮಲಗ್ತಾರೋ ಅದರ ಇನ್ನೊಂದು ತೋಳಿಗೆ ಹಾಕಿಸಿ. ಕಣ್ಣಿಗೆ ಕಂಡ್ರೆ ಕಿತ್ತು ಹಾಕ್ತಾರೆ, ಉದ್ದ ತೋಳಿನ ಕುಪ್ಪಸ ಹೊಲಿಸಿ. ಎಣ್ಣೆ ಸ್ನಾನ ಮಾಡಿಸೋವಾಗ ಆ ಜಾಗಕ್ಕೆ ಎಣ್ಣೆ ತಾಗದ ಹಾಗೆ ನೋಡ್ಕೊಳ್ಳಿ, ಅಂಟು ಬಿಡುತ್ತೆ. ಬೆಳಗಿನ ಜಾವದ ವಿಷಯ ಪತ್ತೆ ಮಾಡೋಕೆ ಒಂದೇ ಒಂದು ಸೆನ್ಸರ್ ಹಾಕಿಸಿದ್ರೂ ಡಾಕ್ಟ್ರಿಗೆ ಚಿತ್ರ ಸಿಗುತ್ತೆ. ತಿಂಗಳೆಲ್ಲ ಹಾಕಿಸೋ ಖರ್ಚು ಎಲ್ಲರಿಗೂ ಆಗಲ್ಲ.

ಶಿಡ್ಲಘಟ್ಟದ ಸೊಸೆ
ಹೇಳಿದ ಹಾಗೆ ನಿನ್ನೆ ಸಂಜೆ ಮೊದಲು ಒರೆಸಿದ ಕೈಯಲ್ಲಿ ನೋಡಿದೆ, 219. ಸೋಪಲ್ಲಿ ತೊಳೆಸಿ ಬೇರೆ ಬೆರಳಲ್ಲಿ ನೋಡಿದೆ, 176. ಆಳ 3 ಇಟ್ಟಿದ್ದೆ, ಒಂದೇ ಸಲಕ್ಕೆ ಹನಿ ಬಂತು. ತೆಲುಗಲ್ಲಿ ಕೇಳಿದ್ದಕ್ಕೆ ಕೈ ಕೊಟ್ರು, ಬೈದಿದ್ದೂ ತೆಲುಗಲ್ಲೇ.

ಪಟ್ಟಿ ತೋರಿಸಿದ ಮೇಲೆ ಡಾಕ್ಟ್ರು ರಾತ್ರಿ ಡೋಸ್ 10ರಿಂದ 8ಕ್ಕೆ ಇಳಿಸಿದ್ರು. ಮಧ್ಯಾಹ್ನದ ಎರಡು ಚುಚ್ಚು ಬೇಡ ಅಂದ್ರು. ಮೂರು ಪ್ರಶ್ನೆಗೂ ಚೀಟೀಲಿ ಬರೆದುಕೊಟ್ರು. ಅನಲಾಗ್ ಬಗ್ಗೆ ಮುಂದಿನ ಸಲ ನೋಡೋಣ ಅಂದ್ರು. ಇವತ್ತು ಬೆಳಗ್ಗೆ 104.

ಗುಬ್ಬಿ ಸಿಸ್ಟರ್
ಒಂದು ದಿನದ 104 ನೋಡಿ ನಿಶ್ಚಿಂತೆ ಆಗಬೇಡಿ, ಡೋಸ್ ಬದಲಾದ ಮೇಲೆ ಮೂರು ನಾಲ್ಕು ದಿನದ ಬೆಳಗಿನ ನಂಬರ್ ಒಟ್ಟಿಗೆ ನೋಡಬೇಕು. ನಾಲ್ಕು ಗಂಟೆಗೆ ಎದ್ದಾಗ ಎರಡು ರಾತ್ರಿ ಬೆರಳು ನೋಡಿ. 130, 140 ಬಂದೂ ಓಡಾಡ್ತಿದ್ರೆ ಅದು ಶುಗರ್‌ದಲ್ಲ, ಆ ಮಾತನ್ನ ಮರೆವಿನ ಡಾಕ್ಟ್ರ ಹತ್ರ ತಗೊಂಡು ಹೋಗಿ.

ಗೌರಿಬಿದನೂರು ಮಗ
ಅಪ್ಪನ ಚೀಟಿ ಓದಿದೆ ಸಿಸ್ಟರ್. ಮೆಟ್‌ಫಾರ್ಮಿನ್ ಅಂದ್ಕೊಂಡಿದ್ದೆ, ಅದೇ ಮಾತ್ರೆಯಲ್ಲಿ ಗ್ಲಿಮೆಪಿರೈಡ್ 2 ಅಂತಿದೆ. ಬೆಳಗ್ಗೆ ತಿಂಡಿ ಬಿಟ್ಟು ಮಾತ್ರೆ ಮಾತ್ರ ನುಂಗೋ ದಿನಗಳೂ ಇವೆ.

ಗುಬ್ಬಿ ಸಿಸ್ಟರ್
ಹಾಗಾದ್ರೆ ನಾನು ಮೇಲೆ ಹೇಳಿದ್ದು ನಿಮಗೆ ಅನ್ವಯ ಆಗಲ್ಲ. ತಿಂಡಿ ತಿನ್ನೋಕೆ ಶುರು ಮಾಡಿದ ಮೇಲೇ ಆ ಮಾತ್ರೆ ಕೈಗೆ ಕೊಡಿ, ಮಾತ್ರೆ ಡಬ್ಬಿ ಅಪ್ಪನ ಕೈಗೆ ಸಿಗದ ಹಾಗೆ ಇಡಿ. ತಿಂಡಿ ತಿನ್ನದ ದಿನ ಮಾತ್ರೆ ಏನು ಮಾಡಬೇಕು ಅಂತ ನಾಳೆನೇ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ. ಕೇಳಿದ್ದು ಇಲ್ಲಿ ಬರೀರಿ, ಅಪ್ಪನ ವಯಸ್ಸು, ಕಿಡ್ನಿ ರಿಪೋರ್ಟಿನ ಕ್ರಿಯಾಟಿನಿನ್ ಎಷ್ಟು ಅಂತಲೂ.